ಕ್ಲಾಸಿನಲ್ಲಿ ಎಲ್ಲರ ರೆಸ್ಯೂಮ್ ಒಂದೇ ಥರ ಇದೆ, ನಂದು ಬೇರೆ ಕಾಣೋದು ಹೇಗೆ?

ಪ್ರಶ್ನೆ: ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದಲ್ಲಿದ್ದೇನೆ. ಪ್ಲೇಸ್‌ಮೆಂಟ್ ಸೆಲ್ ಕೊಟ್ಟ ಟೆಂಪ್ಲೇಟನ್ನೇ ಎಲ್ಲರೂ ತುಂಬಿಸಿದ್ದೇವೆ. ಪ್ರಾಜೆಕ್ಟ್ ಕೂಡ ನಾಲ್ವರು ಸೇರಿ ಮಾಡಿದ್ದು. ನನ್ನ ರೆಸ್ಯೂಮಿನಲ್ಲಿ ಏನು ಬದಲಾಯಿಸಲಿ?

ಉತ್ತರ: ಟೆಂಪ್ಲೇಟ್ ಹಾಗೇ ಇರಲಿ. ಬಣ್ಣ, ಫಾಂಟ್ ಬದಲಾಯಿಸುತ್ತಾ ಸುಮ್ನೆ ಸಮಯ ಕಳೆಯಬೇಡಿ. ಸಾಮಾನ್ಯವಾಗಿ ಮೊದಲ ಜರಡಿ ಸಿಜಿಪಿಎ, ಬ್ಯಾಕ್‌ಲಾಗ್ ಮತ್ತು ಆನ್‌ಲೈನ್ ಟೆಸ್ಟಿನದು. ಅದನ್ನು ದಾಟಿದ ಮೇಲೆ ರೆಸ್ಯೂಮ್ ಇಂಟರ್‌ವ್ಯೂ ಮಾಡುವವರ ಕೈಗೆ ಹೋಗುತ್ತದೆ. ಅವರು ಅದರಲ್ಲಿ ಹುಡುಕುವುದು ಒಂದೇ: ಈ ಹುಡುಗನಿಗೆ, ಹುಡುಗಿಗೆ ಏನು ಕೇಳಲಿ? ಆ ಪ್ರಶ್ನೆ ಜಾಸ್ತಿ ಹುಟ್ಟುವುದು ಪ್ರಾಜೆಕ್ಟಿನ ಸಾಲುಗಳಿಂದ. ಹಾಗಾಗಿ ಕೆಲಸ ಅಲ್ಲೇ ಆಗಬೇಕು.

ಮುಖ ಗುರುತಿಸಿ ಹಾಜರಿ ಹಾಕುವ ಪ್ರಾಜೆಕ್ಟನ್ನೇ ತಗೊಳ್ಳಿ. ಬಹಳ ಜನ ಮಾಡುವಂಥದ್ದು. ಎಲ್ಲರೂ ಬರೆಯುವ ಸಾಲು ಹೀಗಿರುತ್ತದೆ: ‘ಪೈಥಾನ್ ಮತ್ತು ಓಪನ್‌ಸಿವಿ ಬಳಸಿ ಹಾಜರಿ ವ್ಯವಸ್ಥೆ ರೂಪಿಸಿದೆ.’ ಇದರಲ್ಲಿ ಸುಳ್ಳಿಲ್ಲ, ಆದರೆ ನೀವೂ ಇಲ್ಲ.

ಈಗ ನೆನಪು ಮಾಡಿಕೊಳ್ಳಿ, ಎಲ್ಲಿ ಕೈಕೊಟ್ಟಿತ್ತು? ಹಿಂದಿನ ಬೆಂಚಿನವರ ಹಾಜರಿ ಬೀಳುತ್ತಿರಲಿಲ್ಲ ಅಂತಿಟ್ಟುಕೊಳ್ಳಿ. ಹುಡುಕಿದಾಗ ಕಾರಣ ಸಿಕ್ಕಿತು. ಎಲ್ಲಿಂದಲೋ ಕಾಪಿ ಮಾಡಿದ ಕೋಡಿನಲ್ಲಿ `minSize` 80 ಪಿಕ್ಸೆಲ್ ಇತ್ತು. ದೂರದ ಮುಖಗಳು ಅದಕ್ಕಿಂತ ಚಿಕ್ಕವು, ಹಾಗಾಗಿ ಲೆಕ್ಕಕ್ಕೇ ಬರುತ್ತಿರಲಿಲ್ಲ. 40ಕ್ಕೆ ಇಳಿಸಿದಿರಿ. ಆಗ ಗೋಡೆಯ ಮೇಲಿನ ಚಾರ್ಟೂ ಮುಖ ಅಂತ ಕಾಣತೊಡಗಿತು! ಒಂದು ಜಾಗವನ್ನು ಮುಖ ಅಂತ ಒಪ್ಪಲು ಅಕ್ಕಪಕ್ಕದಲ್ಲಿ ಎಷ್ಟು ಸಲ ಪತ್ತೆಯಾಗಬೇಕು ಅಂತ ಹೇಳುವ `minNeighbors` ಏರಿಸಿದ ಮೇಲೆ ಆ ಕಾಟ ಕಡಿಮೆಯಾಯಿತು.

ಇಷ್ಟನ್ನು ಎರಡು ಸಾಲಿಗೆ ಇಳಿಸಿ: ‘ನಾಲ್ವರ ತಂಡದಲ್ಲಿ ಮುಖ ಪತ್ತೆ ಮಾಡುವ ಭಾಗ ನನ್ನದು. ಹಿಂದಿನ ಸಾಲಿನ ಮುಖಗಳು ತಪ್ಪಿಹೋಗುತ್ತಿದ್ದುದನ್ನು ಸರಿಪಡಿಸಿದೆ. 40 ಜನರ ತರಗತಿಯಲ್ಲಿ ಪತ್ತೆಯಾಗುವ ಮುಖಗಳು 29ರಿಂದ 36ಕ್ಕೆ ಏರಿದವು.’ ಓದಿದವರು ಖಂಡಿತ ಕೇಳುತ್ತಾರೆ, ‘ಉಳಿದ ನಾಲ್ಕು ಯಾಕೆ ಸಿಗಲಿಲ್ಲ?’ ಪಕ್ಕಕ್ಕೆ ತಿರುಗಿದ ಮುಖಗಳು, ನೇರ ಮುಖಕ್ಕೆ ತರಬೇತಾದ ಮಾಡೆಲ್‌ಗೆ ಅವು ಸುಲಭವಾಗಿ ಸಿಗಲ್ಲ ಅಂತ ನೀವು ಹೇಳಬಹುದು. ಮಾತು ನಿಮಗೆ ಗೊತ್ತಿರುವ ಜಾಗಕ್ಕೇ ಬಂತಲ್ವಾ?

ಇಲ್ಲಿನ ಅಂಕಿ ಉದಾಹರಣೆಗೆ ಮಾತ್ರ. ನಿಮ್ಮದನ್ನು ನೀವೇ ಅಳೆಯಬೇಕು. ಅಳೆದಿಲ್ಲವಾದರೆ ಹಳೇ ಸೆಟ್ಟಿಂಗ್, ಹೊಸ ಸೆಟ್ಟಿಂಗ್ ಎರಡನ್ನೂ ಒಂದೇ ಫೋಟೋಗಳ ಮೇಲೆ ಓಡಿಸಿ ಎಣಿಸಿ. ‘ಶೇ. 98 ನಿಖರತೆ’ ಅಂತ ಬರೆದು, ಎಷ್ಟು ಫೋಟೋ ಮೇಲೆ ಅಂತ ಕೇಳಿದಾಗ ತಡವರಿಸಿದರೆ ಉಳಿದ ಸಾಲುಗಳನ್ನೂ ಯಾರೂ ನಂಬಲ್ಲ.

‘ಕರಿಯರ್ ಆಬ್ಜೆಕ್ಟಿವ್’ ಕಡ್ಡಾಯ ಇಲ್ಲದಿದ್ದರೆ ತೆಗೆದುಹಾಕಿ, ಈ ಎರಡು ಸಾಲಿಗೆ ಜಾಗ ಸಿಗುತ್ತದೆ.

ಇನ್ನೊಂದು ವಿಷಯ. ಡ್ರೈವ್‌ಗೆ ಮೊದಲೇ ತಂಡದ ನಾಲ್ವರೂ ಕೂತು, ಯಾರು ಯಾವ ಭಾಗ ಬರೆಯಬೇಕು ಅಂತ ಮಾತಾಡಿಕೊಳ್ಳಿ. ನಿಮ್ಮ ನಾಲ್ಕೂ ರೆಸ್ಯೂಮ್ ಒಂದೇ ಟೇಬಲ್ ಮೇಲೆ ಇರುವ ಸಾಧ್ಯತೆ ಇದೆ. ‘ಇದನ್ನು ಈಗಷ್ಟೇ ನಿಮ್ಮ ಫ್ರೆಂಡ್ ತಾನು ಮಾಡಿದ್ದು ಅಂದರಲ್ಲ?’ ಅಂತ ಕೇಳಿದರೆ ಇಬ್ಬರಿಗೂ ಕಷ್ಟ.