ಸುಟ್ಟರೆ 20 ನಿಮಿಷ, ಕೊಯ್ದರೆ 10 ನಿಮಿಷ

ಪ್ರಥಮ ಚಿಕಿತ್ಸೆಯ ಪಾಠದಿಂದ ನಾನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಂಡದ್ದು ಈ ಎರಡು ಸಂಖ್ಯೆ. ಎರಡರಲ್ಲೂ ನಾವು ಎಡವುವುದು ಅವಸರದಿಂದ.

ಬೋಂಡ ಕರಿಯುವಾಗ ಮುಂಗೈಗೆ ಎಣ್ಣೆ ಸಿಡಿಯಿತು ಅನ್ನಿ. ಎಣ್ಣೆ ಒರೆಸಿದರೂ ಬಿಸಿ ಚರ್ಮದೊಳಗೆ ಉಳಿದಿರುತ್ತದೆ, ಒಳಗೊಳಗೇ ಸುಡುತ್ತಿರುತ್ತದೆ. ಆ ಬಿಸಿಯನ್ನು ಹೊರಗೆಳೆಯುವುದು ಹರಿಯುವ ತಣ್ಣನೆ ನೀರು. ಒಲೆ ಆರಿಸಿ, ಕೈಯನ್ನು ನಲ್ಲಿ ಕೆಳಗೆ ಹಿಡಿಯಿರಿ. ಹಾಗೆ ಹಿಡಿದೇ ಬಳೆ, ಉಂಗುರ, ವಾಚು ತೆಗೆಯಿರಿ. ಊದಿಕೊಂಡ ಮೇಲೆ ಅವು ಕಳಚುವುದಿಲ್ಲ. ಗಡಿಯಾರ ನೋಡಿಕೊಂಡು 20 ನಿಮಿಷ. ಎರಡು ನಿಮಿಷಕ್ಕೇ ಉರಿ ಇಳಿದಂತೆ ಅನಿಸುತ್ತದೆ, ಅಲ್ವಾ? ಕೈ ತೆಗೆದರೆ ಮತ್ತೆ ಶುರು. ಸುಟ್ಟು ಸ್ವಲ್ಪ ಹೊತ್ತಾಗಿದ್ದರೂ, ಮೂರು ಗಂಟೆಯೊಳಗಾದರೆ ನೀರು ಹಿಡಿಯುವುದರಿಂದ ಉಪಯೋಗವಿದೆ. ಬೇಸಿಗೆ ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರೇ ಬಿಸಿ ಇರುತ್ತದೆ. ಆಗ ಕೊಡದ ನೀರನ್ನು ಚೊಂಬಿನಲ್ಲಿ ಸುರಿಯುತ್ತಿರಿ.

ಐಸ್ ಬೇಡ. ಅದು ರಕ್ತನಾಳಗಳನ್ನು ಕುಗ್ಗಿಸಿ ಗಾಯ ಇನ್ನಷ್ಟು ಆಳವಾಗುವಂತೆ ಮಾಡಬಹುದು. ಟೂತ್‌ಪೇಸ್ಟ್, ಇಂಕು, ತುಪ್ಪ, ಅರಿಶಿನ ಯಾವುದೂ ಬೇಡ. ನಮ್ಮ ಮನೆಯಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಟೂತ್‌ಪೇಸ್ಟ್‌ಗೇ! ಹಚ್ಚಿದರೆ ಸುಟ್ಟ ಜಾಗ ಡಾಕ್ಟರಿಗೆ ಸರಿಯಾಗಿ ಕಾಣುವುದಿಲ್ಲ, ಸೋಂಕಿಗೂ ದಾರಿ. ಬೊಬ್ಬೆ ಬಂದರೆ ಒಡೆಯಬೇಡಿ, ಅದರ ಚರ್ಮವೇ ಬ್ಯಾಂಡೇಜು. ಮೇಲೆ ನೂಲು ಬಿಡದ ಒಗೆದ ಬಟ್ಟೆ ಸಡಿಲವಾಗಿ ಮುಚ್ಚಿದರೆ ಸಾಕು.

ಸುಟ್ಟ ಜಾಗ ಗಾಯಗೊಂಡವರ ಅಂಗೈಗಿಂತ (ಬೆರಳೂ ಸೇರಿ) ದೊಡ್ಡದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಮುಖ, ಹಸ್ತ, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೂ, ಕರೆಂಟು ಅಥವಾ ಆಸಿಡ್‌ನಿಂದ ಆಗಿದ್ದರೂ, ಪುಟ್ಟ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆಯವರಾದರೂ ಹಾಗೆಯೇ. ಚರ್ಮ ಬೆಳ್ಳಗೋ ಕಪ್ಪಗೋ ಆಗಿ ನೋವೇ ಇಲ್ಲ ಅಂದರೆ ಸಮಾಧಾನಪಡಬೇಡಿ. ನರಗಳೂ ಸುಟ್ಟಿವೆ ಎಂದರ್ಥ.

ಈಳಿಗೆ ಮಣೆ ಬೆರಳು ಕೊಯ್ದರೆ? ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ, ಕೈ ಮೇಲೆತ್ತಿ, 10 ನಿಮಿಷ ಬಿಡಬೇಡಿ. ನಿಂತಿತಾ ಅಂತ ಪದೇ ಪದೇ ತೆಗೆದು ನೋಡಿದರೆ ಆಗಷ್ಟೇ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಟ್ಟು ಒತ್ತಿ. ರಕ್ತ ನಿಂತ ಮೇಲೆ ನಲ್ಲಿ ನೀರಿನಲ್ಲಿ ತೊಳೆದು, ಒರೆಸಿ, ಪಟ್ಟಿ ಹಾಕಿ. ಗಾಜಿನ ಚೂರು ಆಳಕ್ಕೆ ನೆಟ್ಟಿದ್ದರೆ ಕೀಳಬೇಡಿ, ಅದರ ಮೇಲೆ ಒತ್ತಲೂಬೇಡಿ. ಅದರ ಎರಡೂ ಬದಿ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ.

10 ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ, ಬೆರಳು ಮಡಚಲು ಆಗದಿದ್ದರೆ, ತುದಿ ಜೋಮು ಹಿಡಿದಿದ್ದರೆ ಹೊಲಿಗೆಯೋ ಪರೀಕ್ಷೆಯೋ ಬೇಕು. ರಕ್ತ ಚಿಮ್ಮುತ್ತಿದ್ದರೆ ಒತ್ತಿ ಹಿಡಿದೇ 108ಕ್ಕೆ ಫೋನ್ ಮಾಡಿಸಿ. ಎರಡು ದಿನದ ಮೇಲೆ ಗಾಯದ ಸುತ್ತ ಕೆಂಪು ಹರಡಿ, ಕೀವು, ಜ್ವರ ಬಂದರೂ ತೋರಿಸಿ.

ಟಿಟಿ ಇಂಜೆಕ್ಷನ್ ತುಕ್ಕು ಹಿಡಿದ ಮೊಳೆಗೆ ಮಾತ್ರ ಅಂದುಕೊಂಡಿದ್ದೆ. ತಪ್ಪು. ಮಣ್ಣು, ಸಗಣಿ ತಾಗಿದ ಗಾಯಕ್ಕೂ ಬೇಕಾಗಬಹುದು. ಹಿಂದಿನ ಡೋಸ್ ಆಗಿ ಐದು ವರ್ಷ ದಾಟಿದ್ದರೆ ಅಂಥ ಗಾಯಕ್ಕೆ ಡಾಕ್ಟರನ್ನು ಅವತ್ತೇ ಕೇಳಿ.