ದೀಪಾವಳಿಯಿಂದ ಶಿವರಾತ್ರಿವರೆಗೆ ಬೀಳುವ ನೆರಳು

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ನಮ್ಮ ಕಾಕಾನ ಮನೆ. ಏಪ್ರಿಲ್‌ನಲ್ಲಿ ಮಾಳಿಗೆ ಮೇಲೆ ಸೋಲಾರ್ ಹಾಕಿಸಿದರು. 540 ವ್ಯಾಟ್‌ನ ಆರು ಪ್ಯಾನೆಲ್, ಒಟ್ಟು ಮೂರು ಕಿಲೋವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ, ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ, ಹಾಗಾಗಿ ಬಹಳ ಮನೆಗಳಲ್ಲಿ ಇದೇ ಅಳತೆ ಕಾಣುತ್ತದೆ. ಬೇಸಿಗೆಯಲ್ಲಿ ಯೂನಿಟ್ ಚೆನ್ನಾಗಿ ಬಂದವು. ಮಳೆಗಾಲದಲ್ಲಿ ಕಡಿಮೆಯಾದವು, ಮೋಡ ಇದ್ದಾಗ ಅದು ಸಹಜ ಅಲ್ವಾ. ಆದರೆ ದೀಪಾವಳಿ ಮುಗಿದು ಆಕಾಶ ಸ್ವಚ್ಛವಾದ ಮೇಲೂ ಏರಲಿಲ್ಲ, ಇನ್ನಷ್ಟು ಇಳಿಯಿತು. ಡಿಸೆಂಬರ್‌ನಲ್ಲಿ ಕಾಕಾ ಫೋನ್ ಮಾಡಿದರು. "ಬಿಸಲು ಕಣ್ಣ ಕುಕ್ಕಾಕತ್ತೈತಿ, ಆದ್ರೂ ಕರೆಂಟ್ ಅರ್ಧಾನೂ ಬರವಲ್ದು. ಏನಾಗೇತಿ ನೋಡೋ ಬಂದು."

ನಾನು ಧಾರವಾಡದಿಂದ ಹೋಗಿ ಮಾಳಿಗೆ ಹತ್ತಿದಾಗ ಮಧ್ಯಾಹ್ನ ಹನ್ನೆರಡೂವರೆ. ಪ್ಯಾನೆಲ್‌ಗಳು ಮೂರು ಮೂರರಂತೆ ಎರಡು ಸಾಲಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಉದ್ದುದ್ದಕ್ಕೆ ನಿಂತಿದ್ದವು. ಮುಂದಿನ ಸಾಲಿನ ನೆರಳು ಹಿಂದಿನ ಸಾಲಿನ ಬುಡದಲ್ಲಿ ಒಂದು ಕಪ್ಪು ಪಟ್ಟಿಯಾಗಿ ಕೂತಿತ್ತು. ಅಳೆದರೆ ಐದೂವರೆ ಇಂಚು. ಪ್ಯಾನೆಲ್‌ನ ಉದ್ದ 90 ಇಂಚು. ಕಾಕಾಗೆ ತೋರಿಸಿದರೆ ಅವರು ನಂಬಲಿಲ್ಲ. ಇಷ್ಟೇ ಇಷ್ಟು ನೆರಳಿಗೆ ಅರ್ಧ ಕರೆಂಟ್ ಹೋಗುತ್ತದೆಯೇ?

ಹೋಗುತ್ತದೆ. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾ ಸಾಲಾಗಿ ನಿಂತವರನ್ನು ನೀವು ನೋಡಿರುತ್ತೀರಿ. ಅದರಲ್ಲಿ ಒಬ್ಬ ನಿಧಾನವಾದರೆ ಇಡೀ ಸಾಲು ಅವನ ವೇಗಕ್ಕೇ ಇಳಿಯುತ್ತದೆ. ಪ್ಯಾನೆಲ್ ಒಳಗಿನ ಸೆಲ್‌ಗಳೂ ಹೀಗೇ ಒಂದರ ಹಿಂದೆ ಒಂದು ಜೋಡಿಸಿದ ಸಾಲು. ಒಂದು ಸೆಲ್ ಪೂರ್ತಿ ನೆರಳಿನಲ್ಲಿದ್ದರೆ ಅದರ ಸಾಲಿನ ಕರೆಂಟ್ ಎಲ್ಲಾ ಅಲ್ಲೇ ತಡೆಯುತ್ತದೆ. ಈಗಿನ ಹಾಫ್ ಕಟ್ ಪ್ಯಾನೆಲ್‌ನಲ್ಲಿ ಮೇಲರ್ಧ ಬೇರೆ, ಕೆಳಗರ್ಧ ಬೇರೆ ಕೆಲಸ ಮಾಡುತ್ತವೆ. ಪ್ಯಾನೆಲ್ ಉದ್ದುದ್ದಕ್ಕೆ ನಿಂತಿದ್ದಾಗ ಬುಡದ ಒಂದೇ ಒಂದು ಸಾಲು ಸೆಲ್‌ಗಳಿಗೆ ನೆರಳಾದರೂ ಕೆಳಗರ್ಧ ಪೂರ್ತಿ ಸೋಲುತ್ತದೆ, ಯಾಕೆಂದರೆ ಅಲ್ಲಿನ ಮೂರೂ ಸರಣಿಗಳು ಬುಡದ ಆ ಸೆಲ್‌ಗಳ ಮೂಲಕವೇ ಹಾದು ಹೋಗುತ್ತವೆ. ಬುಡದ ಒಂದು ಸೆಲ್‌ನ ಎತ್ತರ ಮೂರೂವರೆ ಇಂಚಿನ ಸುಮಾರು. ಹಾಗಾಗಿ ಐದೂವರೆ ಇಂಚಿನ ನೆರಳು ಅದನ್ನು ಮುಚ್ಚಲು ಧಾರಾಳ ಸಾಕು.

ಇಲ್ಲಿಗೇ ನಿಲ್ಲುವುದಿಲ್ಲ. ಕಾಕಾನ ಮನೆಯಲ್ಲಿ ಆರೂ ಪ್ಯಾನೆಲ್‌ಗಳು ಒಂದೇ ಸ್ಟ್ರಿಂಗ್‌ನಲ್ಲಿವೆ, ಅಂದರೆ ಅವೂ ಒಂದು ಸಾಲು. ಹಿಂದಿನ ಮೂರು ಪ್ಯಾನೆಲ್‌ಗಳು ಅರ್ಧ ಕರೆಂಟ್ ಮಾತ್ರ ದಾಟಿಸಬಲ್ಲವು. ಇನ್ವರ್ಟರ್‌ಗೆ ಎರಡೇ ದಾರಿ. ಇಡೀ ಸಾಲನ್ನು ಅರ್ಧ ಕರೆಂಟ್‌ಗೆ ಇಳಿಸಬೇಕು, ಇಲ್ಲವೇ ಪೂರ್ತಿ ಕರೆಂಟ್ ಎಳೆದು, ನೆರಳಾದ ಸೆಲ್‌ಗಳನ್ನು ಬಿಟ್ಟು ಪಕ್ಕದ ದಾರಿ ಕೊಡುವ ಬೈಪಾಸ್ ಡಯೋಡ್ ಮೂಲಕ ಹಿಂದಿನ ಮೂರನ್ನು ದಾಟಿ ಹೋಗಬೇಕು. ಹೇಗೆ ಮಾಡಿದರೂ ಸಿಗುವುದು ಹತ್ತಿರ ಹತ್ತಿರ ಅರ್ಧವೇ. ಡಿಸೆಂಬರ್‌ನ ಒಳ್ಳೆಯ ಬಿಸಿಲಲ್ಲಿ ನಡುಮಧ್ಯಾಹ್ನ ಎರಡೂವರೆ ಕಿಲೋವ್ಯಾಟ್ ಹತ್ತಿರ ತೋರಿಸಬೇಕಾದ ಆ್ಯಪ್ ಒಂದೂವರೆಗಿಂತ ಕೆಳಗೆ ತೋರಿಸುತ್ತಿತ್ತು.

ಹಾಗಾದರೆ ಏಪ್ರಿಲ್‌ನಲ್ಲಿ ಹಾಕಿದಾಗ ಇದು ಯಾಕೆ ಕಾಣಲಿಲ್ಲ? ಕಾಣುವುದು ಸಾಧ್ಯವೇ ಇರಲಿಲ್ಲ. ಹುಬ್ಬಳ್ಳಿ ಸಮಭಾಜಕದಿಂದ 15 ಡಿಗ್ರಿಗಿಂತ ಸ್ವಲ್ಪ ಮೇಲಿದೆ. ಮೇ ಮೊದಲ ವಾರದ ಸುಮಾರಿಗೆ ಸೂರ್ಯ ನೇರ ನೆತ್ತಿ ಮೇಲೆ ಬರುತ್ತಾನೆ, ಕಂಬದ ನೆರಳು ಕಂಬದ ಕಾಲಡಿಯೇ ಇರುತ್ತದೆ. ಏಪ್ರಿಲ್ ಕೊನೆಯಲ್ಲಿ ಸಾಲಿನ ಹಿಂದೆ ಬೀಳುವ ನಡುಮಧ್ಯಾಹ್ನದ ನೆರಳು ಒಂದೆರಡು ಇಂಚು, ಅಷ್ಟೇ. ಕೆಲಸದವರು ಎರಡು ಸಾಲಿನ ನಡುವೆ ಒಂದಡಿ ಬಿಟ್ಟು, ನೆರಳು ಎಲ್ಲೂ ತಾಗುವುದಿಲ್ಲ ಎಂದು ತೋರಿಸಿ ಹೋದರು. ಅವತ್ತಿನ ಮಟ್ಟಿಗೆ ಅದು ನಿಜವೇ. ಆಮೇಲೆ ಸೂರ್ಯ ದಕ್ಷಿಣಕ್ಕೆ ಜಾರುತ್ತಾ ಹೋದ. ಡಿಸೆಂಬರ್ 21ರ ಹೊತ್ತಿಗೆ ನಡುಮಧ್ಯಾಹ್ನ ಕೂಡ ಅವನು ದಿಗಂತದಿಂದ 51 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತಾನೆ. ಲೆಕ್ಕ ಹಾಕಿದರೆ ಕಾಕಾನ ಮನೆಯ ಒಂದಡಿ ಸಂದಿನಲ್ಲಿ ನಡುಮಧ್ಯಾಹ್ನದ ನೆರಳು ಹಿಂದಿನ ಸಾಲನ್ನು ಮುಟ್ಟುವುದು ಅಕ್ಟೋಬರ್ ಕೊನೆಯ ವಾರದಲ್ಲಿ, ಬಿಡುವುದು ಫೆಬ್ರವರಿ ನಡುವಿನಲ್ಲಿ. ದೀಪಾವಳಿಗೆ ಬಂದು, ಶಿವರಾತ್ರಿಗೆ ಚಳಿಯ ಜೊತೆ ಶಿವ ಶಿವ ಎಂದು ಹೋಗುವ ನೆರಳು. ನಮ್ಮ ಕಡೆ ಮೋಡವಿಲ್ಲದ ಆಕಾಶ ಸಿಗುವ ತಿಂಗಳುಗಳಲ್ಲಿ ಸುಮಾರು ನಾಲ್ಕು ಹೀಗೆ ಕಳೆದುಹೋಗುತ್ತವೆ ಎನ್ನುವುದೇ ನನಗೆ ಸಂಕಟದ ವಿಷಯ.

ಸರಿಯಾದ ಸಂದು ಎಷ್ಟಿರಬೇಕು? ಇದಕ್ಕೆ ಎರಡೇ ಅಳತೆ ಸಾಕು. ಮೊದಲನೆಯದು, ಮುಂದಿನ ಸಾಲಿನ ಮೇಲಿನ ಅಂಚು ಹಿಂದಿನ ಸಾಲಿನ ಕೆಳಗಿನ ಅಂಚಿಗಿಂತ ಎಷ್ಟು ಎತ್ತರದಲ್ಲಿದೆ ಎನ್ನುವುದು. 90 ಇಂಚಿನ ಪ್ಯಾನೆಲ್ ಅನ್ನು 15 ಡಿಗ್ರಿ ಓರೆಯಲ್ಲಿ ನಿಲ್ಲಿಸಿದರೆ ಹಿಂದಿನ ಅಂಚು ಮುಂದಿನದಕ್ಕಿಂತ 23 ಇಂಚು ಮೇಲಿರುತ್ತದೆ. ಎರಡನೆಯದು, ವರ್ಷದ ಅತಿ ಉದ್ದ ನೆರಳಿನ ದಿನ, ಅಂದರೆ ಡಿಸೆಂಬರ್ 21ಕ್ಕೆ, ಈ ಎತ್ತರದ ನೆರಳು ಉತ್ತರದ ಕಡೆ ಎಷ್ಟು ದೂರ ಹೋಗುತ್ತದೆ ಎನ್ನುವುದು. ನಮ್ಮ ಊರಿನಲ್ಲಿ ನಡುಮಧ್ಯಾಹ್ನ ಅದು ಎತ್ತರದ 0.8 ಪಟ್ಟು. ಅದಕ್ಕೆ ಮೂರು ಗಂಟೆ ಹಿಂದೆ ಅಥವಾ ಮುಂದೆ 1.07 ಪಟ್ಟು. ಆ ಆರು ಗಂಟೆಗಳಲ್ಲಿ ನೆರಳು ತಾಗದಿದ್ದರೆ ಸಾಕು ಎನ್ನುವುದು ಈ ಕೆಲಸದಲ್ಲಿ ನಡೆದುಬಂದ ಲೆಕ್ಕ. 23 ಇಂಚಿಗೆ ಸುಮಾರು 25 ಇಂಚು ಸಂದು ಬೇಕಾಗುತ್ತದೆ. ಕಾಕಾನ ಮನೆಯಲ್ಲಿ ಇದ್ದದ್ದು 12.

ಇಲ್ಲಿ ಒಂದು ಸಣ್ಣ ಮಾತು. ಬೆಳಗಿನ ನೆರಳು ಬಹಳ ಉದ್ದವಿರುತ್ತದಲ್ಲ, 1.07 ಹೇಗೆ ಸಾಕು ಎಂದು ನಿಮಗೆ ಅನಿಸಬಹುದು. ಅದು ಉದ್ದ ಹೌದು, ಎತ್ತರದ ಒಂದೂವರೆ ಪಟ್ಟಿಗಿಂತಲೂ ಜಾಸ್ತಿ. ಆದರೆ ವಾಯವ್ಯದ ಕಡೆಗೆ ಓರೆಯಾಗಿ ಬೀಳುತ್ತದೆ. ಹಿಂದಿನ ಸಾಲಿಗೆ ಲೆಕ್ಕಕ್ಕೆ ಬರುವುದು ನೇರ ಉತ್ತರಕ್ಕೆ ಅದು ಎಷ್ಟು ಸರಿಯಿತು ಎನ್ನುವುದು ಮಾತ್ರ. ಇನ್ನು ಗಡಿಯಾರದ ವಿಷಯ. ನಮ್ಮ ನಡುಮಧ್ಯಾಹ್ನ ಹನ್ನೆರಡಕ್ಕಲ್ಲ. ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ಹುಬ್ಬಳ್ಳಿ ಇರುವುದು 75ರ ಹತ್ತಿರ, ಹಾಗಾಗಿ ಡಿಸೆಂಬರ್‌ನಲ್ಲಿ ಸೂರ್ಯ ಮಧ್ಯಕ್ಕೆ ಬರುವುದು ಹನ್ನೆರಡೂವರೆಯ ಸುಮಾರಿಗೆ. ನೆರಳು ನೋಡಲು ಒಂಬತ್ತೂವರೆ ಮತ್ತು ಮೂರೂವರೆಗೆ ಮಾಳಿಗೆ ಹತ್ತಿ.

ಈ 1.07 ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳಿಗೆಲ್ಲ ನಡೆಯುತ್ತದೆ, ವ್ಯತ್ಯಾಸ ಬೆರಳಗಲವೂ ಇಲ್ಲ. ಆದರೆ ದೆಹಲಿಯಲ್ಲಿ ಇದೇ ಲೆಕ್ಕ ಎತ್ತರದ ಒಂದೂಮುಕ್ಕಾಲು ಪಟ್ಟು ಆಗುತ್ತದೆ. ಅಲ್ಲಿನವರ ವಿಡಿಯೊ ನೋಡಿ ನಮ್ಮ ಮಾಳಿಗೆಯಲ್ಲಿ ಮೂರೂವರೆ ಅಡಿ ಬಿಟ್ಟರೆ ಜಾಗ ಸುಮ್ನೆ ಹಾಳು.

ಮೊದಲೇ ಗೊತ್ತಿದ್ದರೆ ಮಾಡಬಹುದಾಗಿದ್ದು ಹಲವು. ಆರೂ ಪ್ಯಾನೆಲ್ ಒಂದೇ ಸಾಲಿನಲ್ಲಿ ಹಿಡಿಸುವ ಮಾಳಿಗೆ ಇದ್ದರೆ ಸಂದಿನ ಪ್ರಶ್ನೆಯೇ ಬರುವುದಿಲ್ಲ, ಅದಕ್ಕೆ ಇಪ್ಪತ್ತಮೂರು ಅಡಿ ಅಗಲ ಬೇಕು. ಓರೆಯನ್ನು 10 ಡಿಗ್ರಿಗೆ ಇಳಿಸಿದರೆ ಎತ್ತರ 23 ಇಂಚಿನಿಂದ 16ಕ್ಕೆ ಇಳಿಯುತ್ತದೆ, 17 ಇಂಚಿನ ಸಂದು ಸಾಕಾಗುತ್ತದೆ, ವರ್ಷದ ಒಟ್ಟು ಯೂನಿಟ್‌ನಲ್ಲಿ ಆಗುವ ವ್ಯತ್ಯಾಸ ತೀರಾ ಸಣ್ಣದು. ನಮ್ಮ ಅಕ್ಷಾಂಶಕ್ಕೆ ಇದು ನನಗೆ ಬಹಳ ಇಷ್ಟವಾದ ದಾರಿ. ಆದರೆ 10ಕ್ಕಿಂತ ಕೆಳಗೆ ಹೋಗಬೇಡಿ. ಬೇಸಿಗೆಯ ಧೂಳು ಒಂದು ತುಂತುರು ಮಳೆಗೆ ಕೆಸರಾಗಿ ಇಳಿದು ಕೆಳಗಿನ ಫ್ರೇಮ್ ಅಂಚಿನಲ್ಲಿ ನಿಂತು ಒಣಗುತ್ತದೆ, ಅದೂ ಬುಡದ ಸೆಲ್‌ಗಳ ಮೇಲೇ, ಅಂದರೆ ಮತ್ತೆ ಅದೇ ನೆರಳು.

ಕಾಕಾನ ಮನೆಯಲ್ಲಿ ಕಾಂಕ್ರೀಟ್ ಪೀಠಗಳನ್ನು ಮಾಳಿಗೆಗೆ ಹಚ್ಚಿಯೇ ಎರಕ ಹೊಯ್ದಿದ್ದರು. ಸರಿಸಬೇಕೆಂದರೆ ಒಡೆಯಬೇಕು, ಒಡೆದರೆ ವಾಟರ್‌ಪ್ರೂಫಿಂಗ್ ಹಾಳು. ಅದಕ್ಕೇ ಬೇರೆ ದಾರಿ ಹಿಡಿದೆವು. ಶಾಲೆಯ ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರಲ್ಲ, ಹಾಗೆ ಹಿಂದಿನ ಮೂರು ಪ್ಯಾನೆಲ್‌ಗಳನ್ನು ಇಡಿಯಾಗಿ ಒಂದಡಿ ಮೇಲೆತ್ತಿದೆವು. ಎಲ್ಲಾ ಕಾಲುಗಳಿಗೂ 12 ಇಂಚಿನ ಗ್ಯಾಲ್ವನೈಸ್ಡ್ ತುಂಡು ಸೇರಿಸಿ ಬೋಲ್ಟ್ ಹಾಕಿಸಿದೆವು. ಎತ್ತರದ ವ್ಯತ್ಯಾಸ 23ರಿಂದ 11 ಇಂಚಿಗೆ ಇಳಿಯಿತು. 11ಕ್ಕೆ ಬೇಕಾದ ಸಂದು 12ರ ಒಳಗೇ ಇದೆ. ಒಂದು ಎಚ್ಚರ ಮಾತ್ರ ಬೇಕು. ಕಾಲು ಉದ್ದವಾದಷ್ಟೂ ಗಾಳಿ ಪ್ಯಾನೆಲ್‌ನ ಕೆಳಗೆ ನುಗ್ಗಿ ಎತ್ತುವ ಬಲ ಕಾಲುಗಳನ್ನು ಜಾಸ್ತಿ ಅಲುಗಿಸುತ್ತದೆ. ಮೇ ತಿಂಗಳ ಗಾಳಿಮಳೆ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕಾಲುಗಳ ನಡುವೆ ಅಡ್ಡಪಟ್ಟಿ ಕತ್ತರಿ ಆಕಾರದಲ್ಲಿ ಬಿಗಿಸಲೇಬೇಕು. ಬಿಗಿಸಿದೆವು.

ಮೇಲೆತ್ತಿದ ಮರುದಿನವೇ ಆ್ಯಪ್‌ನ ಗೆರೆ ಬದಲಾಯಿತು. ಮೊದಲು ದಿನವಿಡೀ ತುದಿ ಕತ್ತರಿಸಿದ ದಿಬ್ಬದ ಹಾಗೆ ಇತ್ತು, ಈಗ ಬೆಳಿಗ್ಗೆಯಿಂದ ಮೆಲ್ಲಗೆ ಏರಿ ಗುಡ್ಡವಾಯಿತು. ಆದರೆ ಮಧ್ಯಾಹ್ನ ಮೂರು ದಾಟಿದ ಮೇಲೆ ದಿನಾ ಅದೇ ಹೊತ್ತಿಗೆ ಒಂದು ತಗ್ಗು ಬೀಳುತ್ತಿತ್ತು. ಮೋಡವಾದರೆ ತಗ್ಗು ಒಂದೊಂದು ದಿನ ಒಂದೊಂದು ಹೊತ್ತಿಗೆ ಬೀಳಬೇಕು. ದಿನಾ ಅದೇ ಹೊತ್ತಿಗೆ ಬಿದ್ದರೆ ಅದು ನೆರಳೇ.

ಈ ಸಲ ಅದು ನೀರಿನ ಟ್ಯಾಂಕ್. ವಾಸ್ತು ಪ್ರಕಾರ ನೈಋತ್ಯ ಮೂಲೆ ಭಾರವಿರಬೇಕು ಎಂದು ನಮ್ಮಲ್ಲಿ ಮೆಟ್ಟಿಲ ಕೋಣೆ, ಅದರ ನೆತ್ತಿಯ ಮೇಲೆ ಟ್ಯಾಂಕ್, ಎರಡೂ ಅಲ್ಲೇ ಏರುತ್ತವೆ. ಚಳಿಗಾಲದ ಮಧ್ಯಾಹ್ನದ ಸೂರ್ಯ ಇರುವುದೂ ಅದೇ ದಿಕ್ಕಿನಲ್ಲಿ. ಕಾಕಾನ ಮನೆಯ ಟ್ಯಾಂಕ್ ನೆತ್ತಿ ಪ್ಯಾನೆಲ್‌ಗಿಂತ 12 ಅಡಿ ಮೇಲಿದೆ. ಡಿಸೆಂಬರ್‌ನಲ್ಲಿ ಮೂರೂವರೆಗೆ ಅದರ ನೆರಳು ಪೂರ್ವಕ್ಕೆ 15 ಅಡಿ, ಉತ್ತರಕ್ಕೆ 13 ಅಡಿ ಚಾಚಿ ಹಿಂದಿನ ಸಾಲಿನ ಮೇಲೆ ಹಾಯುತ್ತದೆ. ಎರಡೂವರೆಗೆ ಅದು ಪೂರ್ವಕ್ಕೆ ಎಂಟು ಅಡಿಯಷ್ಟೇ ಇರುವುದರಿಂದ ಪ್ಯಾನೆಲ್ ತಾಗುವುದಿಲ್ಲ. ಪುಣ್ಯಕ್ಕೆ ಪ್ಯಾನೆಲ್‌ಗಳನ್ನು ಪೂರ್ವದ ಪ್ಯಾರಪೆಟ್‌ಗೆ ಒತ್ತಿ ಹಾಕಿದ್ದರು, ಪಶ್ಚಿಮಕ್ಕೆ ನಾಲ್ಕೈದು ಅಡಿ ಸರಿದಿದ್ದರೂ ಎರಡೂವರೆಗೇ ಪೆಟ್ಟು ಬೀಳುತ್ತಿತ್ತು.

ಕಾಕಾ ಟ್ಯಾಂಕ್ ಜಾಗ ಬದಲಿಸಲು ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಮೂರೂವರೆ ನಂತರದ ಚಳಿಗಾಲದ ಬಿಸಿಲಿನಲ್ಲಿ ಯೂನಿಟ್ ಹೇಗೂ ಕಡಿಮೆ. ಆದರೆ ಅವರ ಟ್ಯಾಂಕ್ ಹಳೆಯದು, ಕೆಳಗೆ ಒಂದೂವರೆ ಅಡಿಯ ಇಟ್ಟಿಗೆ ಕಟ್ಟೆ ಬೇರೆ. ಮುಂದಿನ ಸಲ ಬದಲಿಸುವಾಗ ಅದೇ ಮೂಲೆಯಲ್ಲಿ ಕಟ್ಟೆ ಕಡಿಮೆ ಮಾಡಿ, ಎತ್ತರದ್ದರ ಬದಲು ಅಡ್ಡ ಮಲಗುವ ಟ್ಯಾಂಕ್ ಇಡೋಣ ಎಂದು ಹೇಳಿದ್ದೇನೆ. ಮೂರು ಅಡಿ ಇಳಿದರೂ ಮೂರೂವರೆಯ ನೆರಳು ಪೂರ್ವಕ್ಕೆ ಸುಮಾರು ನಾಲ್ಕು ಅಡಿ, ಉತ್ತರಕ್ಕೆ ಮೂರಡಿ ಹಿಂದೆ ಸರಿಯುತ್ತದೆ. ಕಾಕಾ ಟೇಪ್ ಹಿಡಿದು ಅಳೆದು, ಸುಣ್ಣದ ಗೆರೆ ಹಾಕಿ ಇಟ್ಟಿದ್ದಾರೆ.