ಎಲ್‌ಬಿಡಬ್ಲ್ಯು: ಬಿದ್ದ ಜಾಗ, ತಾಗಿದ ಜಾಗ, ತಲುಪುವ ಜಾಗ

ಲೀಗ್ ಪಂದ್ಯಗಳಲ್ಲಿ ಅಂಪೈರ್ ಆಗಿ ನಿಲ್ಲುವ ಯಾರಿಗೇ ಆಗಲಿ ಬೌಲರ್‌ಗಳಿಂದ ವಿಕೆಟ್‌ಗೆ ಕಾಲು ಅಡ್ಡವಾದದ್ದಕ್ಕೆ ಕೊಡುವ ಎಲ್‌ಬಿಡಬ್ಲ್ಯು ಔಟ್ ಬಗ್ಗೆ ಪದೇ ಪದೇ ಕೇಳಿಬರುವ ಆಕ್ಷೇಪ ಒಂದೇ: "ಸರ್, ಮಿಡಲ್ ಸ್ಟಂಪ್ ನೇರಕ್ಕೇ ಬಿತ್ತಲ್ಲ, ಯಾಕೆ ಕೊಡಲಿಲ್ಲ?" ಬೌಲರ್ ಹೇಳುವುದು ಬಹುಮಟ್ಟಿಗೆ ನಿಜವೇ ಆಗಿರುತ್ತದೆ. ಆದರೆ ಚೆಂಡು ಎಲ್ಲಿ ಬಿತ್ತು ಎಂಬುದು ಅಂಪೈರ್ ತನಗೆ ತಾನೇ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳಲ್ಲಿ ಮೊದಲನೆಯದು ಮಾತ್ರ. ಅದು ಪ್ಯಾಡಿಗೆ ಎಲ್ಲಿ ತಾಗಿತು ಎಂಬುದು ಎರಡನೆಯದು. ತಾಗದೇ ಹೋಗಿದ್ದರೆ ವಿಕೆಟ್‌ಗೆ ಬಡಿಯುತ್ತಿತ್ತೇ ಎಂಬುದು ಮೂರನೆಯದು. ಮೂರಕ್ಕೂ ಅನುಕೂಲಕರ ಉತ್ತರ ಸಿಕ್ಕರಷ್ಟೇ ಬೆರಳು ಮೇಲೇಳುತ್ತದೆ. ಇವುಗಳಲ್ಲಿ ಮೊದಲ ಎರಡು ಕಣ್ಣಿಗೆ ಕಾಣುವ ಸಂಗತಿಗಳು, ಮೂರನೆಯದು ಊಹೆ. ನಿಯಮದ ಕಷ್ಟವೆಲ್ಲ ಇರುವುದು ಈ ವ್ಯತ್ಯಾಸದಲ್ಲಿ.

ಮಿಡಲ್ ಸ್ಟಂಪ್ ನೇರಕ್ಕೆ ಬಿದ್ದ ಆ ಚೆಂಡನ್ನೇ ಅಳತೆ ಹಾಕಿ ನೋಡೋಣ. ಬೌಲರ್ ಬಲಗೈಯವನು, ಬ್ಯಾಟರ್ ಕೂಡ ಬಲಗೈಯವನು, ಬೌಲಿಂಗ್ ಓವರ್ ದ ವಿಕೆಟ್. ಹೀಗಿದ್ದಾಗ ಚೆಂಡು ಕೈಬಿಡುವ ಜಾಗ ಎರಡೂ ಬದಿಯ ಮಿಡಲ್ ಸ್ಟಂಪ್‌ಗಳನ್ನು ಸೇರಿಸುವ ರೇಖೆಯಿಂದ ಬ್ಯಾಟರ್‌ನ ಆಫ್ ಬದಿಗೆ ಸರಿದಿರುತ್ತದೆ. ಆ ಸರಿತ 60 ಸೆಂ.ಮೀ. ಎಂದುಕೊಳ್ಳಿ. ಕೈಬಿಟ್ಟ ಜಾಗದಿಂದ ಎದುರಿನ ಸ್ಟಂಪ್‌ಗಳಿಗೆ ಸುಮಾರು 19 ಮೀಟರ್. ಚೆಂಡು ಸ್ಟಂಪ್‌ಗಳಿಗಿಂತ 5 ಮೀಟರ್ ಮೊದಲು, ಸರಿಯಾಗಿ ಮಿಡಲ್ ಸ್ಟಂಪಿನ ನೇರಕ್ಕೆ ಬಿತ್ತು. ಅಂದರೆ 14 ಮೀಟರ್ ಸಾಗುವಷ್ಟರಲ್ಲಿ ಅದು ಅಡ್ಡಲಾಗಿ 60 ಸೆಂ.ಮೀ. ಸರಿದಿದೆ. ಸ್ವಿಂಗ್ ಇಲ್ಲ, ಸೀಮ್‌ನಿಂದ ಹೊರಳಿಲ್ಲ ಎಂದಾದರೆ ಉಳಿದ 5 ಮೀಟರ್‌ಗಳಲ್ಲಿ ಅದೇ ಓರೆಯಲ್ಲಿ ಇನ್ನೂ 21 ಸೆಂ.ಮೀ. ಲೆಗ್ ಬದಿಗೆ ಸರಿಯುತ್ತದೆ. ವಿಕೆಟ್‌ನ ಒಟ್ಟು ಅಗಲ 22.86 ಸೆಂ.ಮೀ.; ಮಧ್ಯದಿಂದ ಲೆಗ್ ಸ್ಟಂಪಿನ ಹೊರ ಅಂಚಿಗೆ ಹನ್ನೊಂದೂವರೆ ಸೆಂ.ಮೀ.ಗೆ ತುಸು ಕಡಿಮೆ. ಚೆಂಡಿನ ಅರ್ಧ ದಪ್ಪ ಮೂರೂವರೆ ಸೆಂ.ಮೀ. ಆಸುಪಾಸು ಎಂದು ಅದನ್ನೂ ಸೇರಿಸಿಕೊಂಡರೂ 15 ಆಗುತ್ತದೆ. ಮಿಡಲ್ ನೇರಕ್ಕೇ ಬಿದ್ದ ಆ ಚೆಂಡು ಲೆಗ್ ಸ್ಟಂಪಿನ ಹೊರಗಿನಿಂದ ಆರು ಸೆಂ.ಮೀ. ಅಂತರದಲ್ಲಿ ಜಾರಿ ಹೋಗುತ್ತಿತ್ತು. ಬೌಲರ್‌ನ ಕಣ್ಣು ಚೆಂಡು ಬಿದ್ದ ಜಾಗದ ಮೇಲೆ ನೆಟ್ಟಿರುತ್ತದೆ. ಅಂಪೈರ್‌ನ ಕಣ್ಣು ಚೆಂಡಿನ ಓರೆಯ ಮೇಲಿರಬೇಕು.

ಅದೇ ಬೌಲರ್ ಕ್ರೀಸಿನಲ್ಲಿ ಸ್ಟಂಪ್‌ಗಳ ಹತ್ತಿರಕ್ಕೆ ಬಂದು, ಮಧ್ಯರೇಖೆಯಿಂದ 30 ಸೆಂ.ಮೀ. ದೂರದಲ್ಲಿ ಚೆಂಡು ಬಿಟ್ಟಿದ್ದರೆ ಓರೆ ಅರ್ಧಕ್ಕಿಳಿದು, ಮಿಡಲ್ ನೇರಕ್ಕೆ ಬಿದ್ದ ಚೆಂಡು ಲೆಗ್ ಸ್ಟಂಪಿಗೇ ಹೋಗಿ ಬಡಿಯುತ್ತಿತ್ತು. ಎಲ್‌ಬಿಡಬ್ಲ್ಯು ಬೇಕೆನ್ನುವ ಬೌಲರ್‌ಗೆ ತರಬೇತುದಾರರು "ಸ್ಟಂಪ್ ಹತ್ತಿರ ಬಾ" ಎಂದು ಹೇಳುವುದರ ಹಿಂದಿನ ಲೆಕ್ಕ ಇಷ್ಟೆ. ಅನಿಲ್ ಕುಂಬ್ಳೆ ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಸುಮಾರು ಕಾಲು ಭಾಗ ಎಲ್‌ಬಿಡಬ್ಲ್ಯು ಮೂಲಕ ಬಂದದ್ದಕ್ಕೂ ಇದೇ ಕಾರಣ: ಹೆಚ್ಚು ತಿರುಗದೆ, ವೇಗವಾಗಿ, ನೇರಕ್ಕೆ ನುಗ್ಗುವ ಚೆಂಡಿನ ಮುಂದಿನ ದಾರಿಯ ಬಗ್ಗೆ ಅಂಪೈರ್‌ಗೆ ಅನುಮಾನ ಕಡಿಮೆ. 1999ರ ಫೆಬ್ರವರಿಯಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಅವರು ಪಾಕಿಸ್ತಾನದ ಹತ್ತೂ ವಿಕೆಟ್ ಪಡೆದಾಗ ಮೂರು ಎಲ್‌ಬಿಡಬ್ಲ್ಯು ಆಗಿದ್ದವು. ಆ ಹತ್ತು ಬಾರಿಯೂ ಅವರು ಚೆಂಡೆಸೆಯುತ್ತಿದ್ದ ತುದಿಯಲ್ಲಿ ನಿಂತಿದ್ದ ಅಂಪೈರ್ ನಮ್ಮ ಕರ್ನಾಟಕದವರೇ ಆದ ಎ.ವಿ. ಜಯಪ್ರಕಾಶ್.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಚೆಂಡು ಸ್ಟಂಪ್‌ಗಳ ನೇರಕ್ಕಾದರೂ ಬಿದ್ದಿರಬೇಕು, ಆಫ್ ಸ್ಟಂಪಿನ ಹೊರಗಾದರೂ ಬಿದ್ದಿರಬೇಕು. ಲೆಗ್ ಸ್ಟಂಪಿನ ಹೊರಗೆ ಬಿದ್ದರೆ ಅಲ್ಲಿಗೆ ಮುಗಿಯಿತು, ಅದು ಮಿಡಲ್ ಸ್ಟಂಪನ್ನೇ ಕಿತ್ತುಹಾಕುವಂತಿದ್ದರೂ ಔಟ್ ಅಲ್ಲ. ಚೆಂಡು ಪುಟಿಯದೆ ನೇರವಾಗಿ ಕಾಲಿಗೆ ಬಂದರೆ ಈ ಪ್ರಶ್ನೆಯೇ ಏಳುವುದಿಲ್ಲ. ನಿಯಮದ ಈ ಎರಡು ಬಗೆಯ ನೋಟ ಮೊದಲಿನಿಂದ ಇದ್ದದ್ದಲ್ಲ. 1935ರವರೆಗೆ ಆಫ್ ಸ್ಟಂಪಿನ ಹೊರಗೆ ಬಿದ್ದ ಚೆಂಡಿಗೂ ಎಲ್‌ಬಿಡಬ್ಲ್ಯು ಇರಲಿಲ್ಲ. ನಮ್ಮ ಲೆಕ್ಕದ ಬೌಲರ್ 60 ಸೆಂ.ಮೀ. ಆಚೆಯಿಂದ ಮಿಡಲ್ ಸ್ಟಂಪಿಗೇ ಗುರಿಯಿಟ್ಟು ನೇರ ಚೆಂಡು ಎಸೆದರೆ ಅದು 5 ಮೀಟರ್ ಮೊದಲು ಬೀಳುವುದು ಮಧ್ಯರೇಖೆಯಿಂದ 16 ಸೆಂ.ಮೀ. ಆಚೆ, ಅಂದರೆ ಆಫ್ ಸ್ಟಂಪಿನ ಹೊರಗೆ. ಅಂಥ ಶುದ್ಧ ಚೆಂಡನ್ನೂ ಪ್ಯಾಡಿನಿಂದ ತಡೆದು ಬ್ಯಾಟರ್ ಉಳಿದುಕೊಳ್ಳುತ್ತಿದ್ದ. 1935ರಲ್ಲಿ ಪ್ರಯೋಗವಾಗಿ ತಂದು 1937ರಲ್ಲಿ ಖಾಯಂ ಮಾಡಿದ ತಿದ್ದುಪಡಿಯಿಂದ ಆಫ್ ಬದಿಯ ಬಾಗಿಲು ತೆರೆಯಿತು, ಲೆಗ್ ಬದಿಯದು ಮುಚ್ಚಿಯೇ ಉಳಿಯಿತು. ಅದೇ ಬೌಲರ್ ರೌಂಡ್ ದ ವಿಕೆಟ್ ಬಂದು ಅಷ್ಟೇ ದೂರದಿಂದ ಮಿಡಲ್ ಸ್ಟಂಪಿಗೆ ಎಸೆದರೆ ಚೆಂಡು ಲೆಗ್ ಸ್ಟಂಪಿನ ಹೊರಗೆ ಬೀಳುತ್ತದೆ, ಹಾಗಾಗಿ ಬ್ಯಾಟರ್ ಔಟ್ ಆಗುವುದಿಲ್ಲ. ಇದು ಅನ್ಯಾಯವೆಂದು ವಾದಿಸುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ: ಆ ಬಾಗಿಲನ್ನೂ ತೆರೆದರೆ ಬ್ಯಾಟರ್‌ನ ಬೆನ್ನ ಹಿಂದಿನಿಂದ ಬರುವಂತೆ ಕಾಲಿನ ಬುಡಕ್ಕೇ ಚೆಂಡು ಹಾಕಿ, ಲೆಗ್ ಬದಿಯಲ್ಲಿ ಫೀಲ್ಡರ್‌ಗಳನ್ನು ಗುಡ್ಡೆಹಾಕುವ ಬೌಲಿಂಗ್‌ಗೆ ಬಹುಮಾನ ಕೊಟ್ಟಂತಾಗುತ್ತದೆ.

ಎರಡನೆಯ ಪ್ರಶ್ನೆಯಲ್ಲಿ ಜಾಗದ ಜೊತೆಗೆ ಬ್ಯಾಟರ್‌ನ ಉದ್ದೇಶವೂ ಸೇರಿಕೊಳ್ಳುತ್ತದೆ. ಬ್ಯಾಟರ್ ಚೆಂಡನ್ನು ಆಡಲು ನಿಜವಾಗಿ ಯತ್ನಿಸಿದ್ದರೆ, ಅದು ಎರಡೂ ವಿಕೆಟ್‌ಗಳ ನಡುವಿನ ಪಟ್ಟಿಯೊಳಗೇ ತಾಗಿರಬೇಕು. ಯತ್ನಿಸದೆ ಪ್ಯಾಡ್ ಒಡ್ಡಿದ್ದರೆ ಆಫ್ ಸ್ಟಂಪಿನ ಹೊರಗೆ ತಾಗಿದ್ದರೂ ಔಟ್ ಕೊಡಬಹುದು. ಈ ಎರಡನೆಯ ಭಾಗ ಏಕೆ ಬೇಕಾಯಿತೆಂಬುದಕ್ಕೆ 1957ರ ಎಡ್ಜ್‌ಬಾಸ್ಟನ್ ಟೆಸ್ಟ್ ಸಾಕ್ಷಿ. ಮೊದಲ ಇನಿಂಗ್ಸ್‌ನಲ್ಲಿ 49 ರನ್‌ಗೆ 7 ವಿಕೆಟ್ ಕಿತ್ತಿದ್ದ ವೆಸ್ಟ್ ಇಂಡೀಸ್‌ನ ಸ್ಪಿನ್ನರ್ ಸನ್ನಿ ರಾಮಾಧಿನ್ ಅವರ ಚೆಂಡು ಯಾವ ಕಡೆ ತಿರುಗುತ್ತದೆಂದು ಗುರುತಿಸಲು ಇಂಗ್ಲೆಂಡಿನವರಿಗೆ ಆಗುತ್ತಿರಲಿಲ್ಲ. ಎರಡನೆಯ ಇನಿಂಗ್ಸ್‌ನಲ್ಲಿ ಪೀಟರ್ ಮೇ ಮತ್ತು ಕಾಲಿನ್ ಕೌಡ್ರಿ ಮುಂಗಾಲನ್ನು ಆಫ್ ಸ್ಟಂಪಿನ ಹೊರಗೆ ಚಾಚಿ ಪ್ಯಾಡಿನಿಂದಲೇ ಅವರನ್ನು ತಡೆಯುತ್ತ 411 ರನ್ ಸೇರಿಸಿದರು. ರಾಮಾಧಿನ್ 98 ಓವರ್ ಎಸೆದು ದಣಿದರು. ಆಟ ಹೀಗೂ ಸಾಗಬಾರದೆಂದು 1970ರ ದಶಕದಲ್ಲಿ ಪ್ರಯೋಗಿಸಿದ ಷರತ್ತು 1980ರ ನಿಯಮ ಸಂಹಿತೆಯಲ್ಲಿ ಸೇರಿತು. ಆದರೂ ಬ್ಯಾಟನ್ನು ಪ್ಯಾಡಿನ ಹಿಂದೆ ಬಚ್ಚಿಟ್ಟು ಆಡಿದಂತೆ ತೋರಿಸುವ ಚಾಳಿ ಸ್ಪಿನ್ ಪಿಚ್‌ಗಳಲ್ಲಿ ಇಂದಿಗೂ ಉಳಿದಿದೆ. ಬ್ಯಾಟ್ ಚೆಂಡಿನತ್ತ ಹೊರಟಿತ್ತೇ, ಅಥವಾ ಪ್ಯಾಡಿಗೆ ತಾಗಿದ ಮೇಲೆ ಮುಂದೆ ಬಂತೇ ಎಂಬುದನ್ನು ಗಮನಿಸಿದರೆ ಸುಳ್ಳು ತಿಳಿಯುತ್ತದೆ.

ಚೆಂಡು ಮೊದಲು ಬ್ಯಾಟಿಗೆ ತಾಗಿದ್ದರೆ, ಅಥವಾ ಬ್ಯಾಟು ಪ್ಯಾಡು ಎರಡಕ್ಕೂ ಒಮ್ಮೆಲೇ ತಾಗಿದ್ದರೆ, ಎಲ್‌ಬಿಡಬ್ಲ್ಯು ಇಲ್ಲ. ಎರಡು ಬಾರಿ ಪ್ಯಾಡಿಗೆ ತಾಗಿದ್ದರೆ ಮೊದಲ ತಾಗುವಿಕೆಯಷ್ಟೇ ಲೆಕ್ಕಕ್ಕೆ. ಹೆಸರಿನಲ್ಲಿ ಕಾಲು ಇದ್ದರೂ ದೇಹದ ಯಾವ ಭಾಗಕ್ಕೆ ತಾಗಿದರೂ, ಬೇಲ್ಸ್‌ಗಿಂತ ಎತ್ತರದಲ್ಲಿ ತಾಗಿದರೂ, ನಿಯಮ ಅನ್ವಯಿಸುತ್ತದೆ. 1999ರಲ್ಲಿ ಅಡಿಲೇಡ್‌ನಲ್ಲಿ ಗ್ಲೆನ್ ಮೆಗ್ರಾ ಎಸೆತ ಬೌನ್ಸರ್ ಆಗಬಹುದೆಂದು ಬಾಗಿದ ಸಚಿನ್ ತೆಂಡೂಲ್ಕರ್ ಅವರ ಭುಜಕ್ಕೆ ಏಳದೆ ಬಂದ ಚೆಂಡು ಬಡಿದು, ಅಂಪೈರ್ ಡ್ಯಾರಿಲ್ ಹಾರ್ಪರ್ ಔಟ್ ಕೊಟ್ಟಾಗ ನಮ್ಮ ದೇಶದಲ್ಲಿ ಎದ್ದ ಗದ್ದಲ ಹಲವರಿಗೆ ನೆನಪಿರಬಹುದು. ಆ ಚೆಂಡು ಸ್ಟಂಪಿನ ಮೇಲೆ ಹೋಗುತ್ತಿತ್ತೇ ಎಂದು ವಾದಿಸಬಹುದು. ಭುಜಕ್ಕೆ ತಾಗಿದ್ದರಿಂದ ಔಟ್ ಅಲ್ಲ ಎಂಬ ವಾದಕ್ಕೆ ಮಾತ್ರ ನಿಯಮದಲ್ಲಿ ಆಧಾರವಿಲ್ಲ.

ಮೂರನೆಯ ಪ್ರಶ್ನೆಯಲ್ಲಿ ಅಡ್ಡ ಅಳತೆಗಿಂತ ಎತ್ತರದಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ಸ್ಟಂಪ್‌ಗಳ ಎತ್ತರ 71 ಸೆಂ.ಮೀ. ಬ್ಯಾಟರ್ ಮುಂಗಾಲಿಟ್ಟು ಆಡಿದಾಗ, ಸ್ಟಂಪ್‌ಗಳಿಂದ 2 ಮೀಟರ್ ಮುಂದೆ, ನೆಲದಿಂದ 50 ಸೆಂ.ಮೀ. ಎತ್ತರದಲ್ಲಿ ಮಂಡಿಗೆ ಚೆಂಡು ತಾಗಿತೆನ್ನಿ. ಮಂಡಿ ತಾನೇ, ಸ್ಟಂಪಿಗಿಂತ ಎಷ್ಟೋ ಕೆಳಗಿದೆಯಲ್ಲ ಎಂದು ಬೌಲರ್ ಕೂಗುತ್ತಾನೆ. ಆದರೆ ಆ ಚೆಂಡು 3 ಮೀಟರ್ ಹಿಂದಷ್ಟೇ ನೆಲಬಿಟ್ಟು ಇನ್ನೂ ಏರುತ್ತಲೇ ಇದೆ. ಸಾಧಾರಣ ವೇಗಿಯ ಎಸೆತವಾದರೆ ಸ್ಟಂಪ್ ಮುಟ್ಟುವ ಹೊತ್ತಿಗೆ 75ರಿಂದ 80 ಸೆಂ.ಮೀ. ಎತ್ತರದಲ್ಲಿರುತ್ತದೆ, ಬೇಲ್ಸ್ ಮೇಲಿಂದ ಹಾರಿಹೋಗುತ್ತದೆ. ಅದೇ ಎತ್ತರದಲ್ಲಿ, ಕ್ರೀಸಿನೊಳಗೆ ಹಿಂಗಾಲಿನಲ್ಲಿ ನಿಂತವನಿಗೆ ತಾಗಿದ್ದರೆ ಮುಂದೆ ಸಾಗಬೇಕಾದ ದೂರವೇ ಕಡಿಮೆ. ಅದು ಸ್ಟಂಪಿಗೆ ಬಡಿಯುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ತಾಗಿದ ಜಾಗವನ್ನು ಅಡ್ಡಲಾಗಿ ನೋಡಿದರೆ ಸಾಲದು. ಪುಟಿದ ಜಾಗದಿಂದ ತಾಗಿದ ಜಾಗಕ್ಕೆ ಎಷ್ಟು ದೂರ ಕಂಡೆ, ಅಲ್ಲಿಂದ ಸ್ಟಂಪ್‌ವರೆಗೆ ಎಷ್ಟು ದೂರ ಊಹಿಸಬೇಕು ಎಂಬ ಪ್ರಮಾಣವೇ ಅಂಪೈರ್‌ನ ನಿಜವಾದ ಆಧಾರ. ಕಂಡದ್ದು ಕಡಿಮೆಯಾಗಿ ಊಹಿಸಬೇಕಾದದ್ದು ಹೆಚ್ಚಾದಾಗ ನಾಟೌಟ್ ಎನ್ನುವುದೇ ಸರಿ.

ಅಂಪೈರ್ ತೀರ್ಪನ್ನು ಯಂತ್ರದ ನೆರವಿನಿಂದ ಮರುಪರಿಶೀಲಿಸುವ ಡಿಆರ್‌ಎಸ್ ಕೂಡ ಕಂಡದ್ದು ಮತ್ತು ಊಹಿಸಿದ್ದರ ನಡುವಿನ ಈ ವ್ಯತ್ಯಾಸವನ್ನು ಒಪ್ಪಿಕೊಂಡೇ ನಡೆಯುತ್ತದೆ. ಚೆಂಡು ಬಿದ್ದ ಜಾಗದ ವಿಚಾರದಲ್ಲಿ ಅಲ್ಲಿ ನಡುವಿನ ಉತ್ತರವಿಲ್ಲ: ನೇರದಲ್ಲಿ, ಆಫ್ ಹೊರಗೆ, ಲೆಗ್ ಹೊರಗೆ, ಅಷ್ಟೆ. ತಾಗಿದ ಜಾಗ ಮತ್ತು ಸ್ಟಂಪಿಗೆ ಬಡಿಯುವಿಕೆ ಇವೆರಡಕ್ಕೆ ಮಾತ್ರ "ಅಂಪೈರ್ಸ್ ಕಾಲ್" ಇದೆ. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಸ್ಟಂಪಿಗೆ ಸವರುವಂತೆ ತೋರಿದರೆ ಮೈದಾನದ ತೀರ್ಪೇ ಉಳಿಯುತ್ತದೆ. 2021ರಲ್ಲಿ ಎತ್ತರದ ಗಡಿಯನ್ನು ಸ್ಟಂಪ್‌ಗಳ ತುದಿಯವರೆಗೆ ಏರಿಸಿ, ಅಗಲಕ್ಕೂ ಎತ್ತರಕ್ಕೂ ಒಂದೇ ಅಂಚು ಸಿಗುವಂತೆ ಮಾಡಲಾಯಿತು. ಒಂದೇ ಚೆಂಡಿಗೆ ಒಬ್ಬನಿಗೆ ಔಟ್, ಇನ್ನೊಬ್ಬನಿಗೆ ನಾಟೌಟ್ ಎಂದು ಪ್ರೇಕ್ಷಕರು ಸಿಟ್ಟಾಗುವುದು ಇಲ್ಲಿಯೇ. ಯಂತ್ರ ತೋರಿಸುವ ಗೆರೆ ಎಷ್ಟೇ ನುಣುಪಾಗಿದ್ದರೂ ಪ್ಯಾಡಿನಿಂದಾಚೆಗೆ ಅದೂ ಊಹೆಯೇ ಎಂಬುದನ್ನು ನೆನೆದರೆ ಈ ಏರ್ಪಾಡು ನನಗೆ ಸಮಂಜಸವಾಗಿಯೇ ತೋರುತ್ತದೆ.

ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ 2019ರ ಹೆಡಿಂಗ್ಲಿ ಆ್ಯಶಸ್ ಟೆಸ್ಟ್‌ಗಿಂತ ಸ್ಪಷ್ಟ ಉದಾಹರಣೆ ಸಿಗಲಾರದು. ಇಂಗ್ಲೆಂಡಿನ ಕೊನೆಯ ಜೋಡಿ ಕ್ರೀಸಿನಲ್ಲಿದ್ದಾಗ ಪ್ಯಾಟ್ ಕಮಿನ್ಸ್ ಎಸೆದ ಚೆಂಡು ಜ್ಯಾಕ್ ಲೀಚ್ ಪ್ಯಾಡಿಗೆ ಬಡಿಯಿತು. ಅಂಪೈರ್ ನಾಟೌಟ್ ಎಂದರು. ಆಸ್ಟ್ರೇಲಿಯಾ ತನ್ನ ಕೊನೆಯ ರಿವ್ಯೂ ಬಳಸಿತು. ಚೆಂಡು ಸ್ಪಷ್ಟವಾಗಿ ಲೆಗ್ ಸ್ಟಂಪಿನ ಹೊರಗೆ ಬಿದ್ದಿತ್ತು, ಎಂದರೆ ಮೊದಲ ಪ್ರಶ್ನೆಯಲ್ಲಿಯೇ ಮನವಿ ಸತ್ತಿತ್ತು. ಮುಂದಿನ ಓವರ್‌ನಲ್ಲಿ, ಗೆಲುವಿಗೆ 2 ರನ್ ಬೇಕಿದ್ದಾಗ, ನೇಥನ್ ಲಯನ್ ಎಸೆತವನ್ನು ಸ್ವೀಪ್ ಮಾಡಲು ಹೋದ ಬೆನ್ ಸ್ಟೋಕ್ಸ್ ಪ್ಯಾಡಿಗೆ ತಾಗಿಸಿಕೊಂಡರು. ಅಂಪೈರ್ ಜೋಯಲ್ ವಿಲ್ಸನ್ ನಾಟೌಟ್ ಎಂದರು. ಮೂರೂ ಪ್ರಶ್ನೆಗಳಿಗೆ ಬೌಲರ್ ಪರ ಉತ್ತರವಿತ್ತೆಂದು ಟಿವಿಯಲ್ಲಿ ಬಾಲ್ ಟ್ರ್ಯಾಕಿಂಗ್ ತೋರಿಸಿತು, ಆದರೆ ಕೇಳಲು ರಿವ್ಯೂ ಉಳಿದಿರಲಿಲ್ಲ. ಇಂಗ್ಲೆಂಡ್ ಒಂದು ವಿಕೆಟ್‌ನಿಂದ ಗೆದ್ದಿತು.